ಬ್ಯಾಂಕ್ ಸ್ಟೇಟ್‌ಮೆಂಟ್ ತಿದ್ದಿದ್ದಾರಾ ಅಂತ ನೋಡುವುದು ಹೇಗೆ?

*“ದಾವಣಗೆರೆಯಲ್ಲಿ ನಮ್ಮ ಮಳಿಗೆ ಬಾಡಿಗೆಗೆ ಕೇಳಿದವರು ಬ್ಯಾಂಕ್ ಸ್ಟೇಟ್‌ಮೆಂಟ್ ಪಿಡಿಎಫ್ ಕಳಿಸಿದ್ದಾರೆ. ಒಂದು ಜಮೆಯ ಅಂಕಿ ಸ್ವಲ್ಪ ದಪ್ಪ ಕಾಣುತ್ತೆ. ತಿದ್ದಿದ್ದಾರಾ?”*

ಅಂಕಿ ದಪ್ಪ ಕಂಡ ಮಾತ್ರಕ್ಕೆ ಹಾಗೆ ಹೇಳಲಾಗದು. ತಿದ್ದಿದ್ದರೆ, ಆ ಜಮೆ ಮತ್ತು ಅದೇ ಸಾಲಿನ ಬ್ಯಾಲೆನ್ಸ್ ಎರಡನ್ನೂ ಬದಲಿಸಿ, ಮುಂದಿನ ಸಾಲುಗಳನ್ನು ಹಾಗೇ ಬಿಟ್ಟಿರಬಹುದು.

ಮೊದಲು ಲೆಕ್ಕ ಹಾಕಿ. ಹಿಂದಿನ ಬ್ಯಾಲೆನ್ಸ್‌ಗೆ ಜಮೆ ಕೂಡಿಸಿ, ಖರ್ಚು ಕಳೆದರೆ ಆ ಸಾಲಿನ ಬ್ಯಾಲೆನ್ಸ್ ಬರಬೇಕು. ಉದಾಹರಣೆಗೆ ಬ್ಯಾಲೆನ್ಸ್ 18,450 ಇತ್ತು, 62,000 ಜಮೆಯಾಗಿ 80,450 ಆಯಿತು. ಇಲ್ಲಿಗೆ ಸರಿ. ಮುಂದಿನ ಸಾಲಲ್ಲಿ 2,000 ತೆಗೆದಿದ್ದಾರೆ, ಆದರೆ ಬ್ಯಾಲೆನ್ಸ್ 28,450 ಅಂತಿದೆ. 78,450 ಇರಬೇಕಿತ್ತು ಅಲ್ವಾ? ವ್ಯತ್ಯಾಸ ಸರಿಯಾಗಿ 50,000. ಅಂದರೆ ಆ ಜಮೆ 12,000 ಇದ್ದಿರಬೇಕು, 1 ಅನ್ನು 6 ಮಾಡಿದ್ದಾರೆ. ಅನುಮಾನ ಬಂದ ಸಾಲಿನಲ್ಲೇ ನಿಲ್ಲಬೇಡಿ, ಅದರ ಮುಂದಿನ ಸಾಲನ್ನೂ ನೋಡಿ. ಕೆಲವು ಬ್ಯಾಂಕುಗಳು ಹೊಸ ವ್ಯವಹಾರವನ್ನು ಮೇಲೆ ಹಾಕುತ್ತವೆ. ಹಾಗಿದ್ದರೆ ಕೆಳಗಿನಿಂದ ಮೇಲಕ್ಕೆ ಲೆಕ್ಕ ಹಾಕಿ.

ಆಮೇಲೆ ಕಂಪ್ಯೂಟರ್‌ನಲ್ಲಿ 400% ದೊಡ್ಡದು ಮಾಡಿ. ಅದೇ ಅಂಕಿಯನ್ನು ಬೇರೆ ಸಾಲಿನದರ ಜೊತೆ ಹೋಲಿಸಿ. ದಪ್ಪ, ಅಂಕಿಗಳ ನಡುವಿನ ಜಾಗ, ಬಲ ಅಂಚು ಒಂದೇ ಥರ ಇರಬೇಕು. ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲಿರುವ ಫಾಂಟ್ ಪಟ್ಟಿಯಲ್ಲಿ ಎರಡು ಮೂರು ಹೆಸರು ಕಂಡ ಮಾತ್ರಕ್ಕೆ ಮೋಸ ಅನ್ನಬೇಡಿ, ಅಸಲಿ ಕಡತದಲ್ಲೂ ಇರುತ್ತವೆ. ಪಾಸ್‌ವರ್ಡ್ ತೆಗೆಯಲು ಮತ್ತೆ ಸೇವ್ ಮಾಡಿದರೂ ಅಲ್ಲಿ ಕಾಣುವ ತಿದ್ದಿದ ದಿನಾಂಕ ಬದಲಾಗಬಹುದು, ಅದೊಂದೇ ಸಾಕ್ಷಿಯಲ್ಲ.

ಎಲ್ಲಾ ಬ್ಯಾಲೆನ್ಸ್‌ಗಳನ್ನೂ ಹೊಸದಾಗಿ ಟೈಪ್ ಮಾಡಿದ್ದರೆ ಲೆಕ್ಕ ಸರಿಯಾಗೇ ಬರುತ್ತದೆ. ಅದಕ್ಕೆ, ಅಡ್ವಾನ್ಸ್ ಪಡೆದು ಕರಾರಿಗೆ ಸಹಿ ಹಾಕುವ ಮುಂಚೆ, ಅವರ ಫೋನಿನಲ್ಲೇ ಬ್ಯಾಂಕ್ ಆ್ಯಪ್ ತೆರೆದು ಆ ದಿನದ ಜಮೆ ತೋರಿಸಲು ಹೇಳಿ.