ಇನ್ಹೇಲರ್ ಸ್ಟಿರಾಯ್ಡ್ ಮೈಗೆ ಇಳಿಯುವುದೇ ಇಲ್ವಾ?

"ಮಗಳಿಗೆ 7 ವರ್ಷ. ಎರಡು ವರ್ಷದಿಂದ ಇನ್ಹೇಲರ್, ಮೂಗಿಗೆ ಸ್ಪ್ರೇ. ಸ್ಟಿರಾಯ್ಡ್ ಮೈಗೆ ಹೋಗಲ್ಲ, ಬಾಯಿ ಮುಕ್ಕಳಿಸಿದ್ರೆ ಸಾಕು ಅಂದ್ರು. ಈಗ ಯಾವಾಗ್ಲೂ ಸುಸ್ತು, ಬೆಳಿಗ್ಗೆ ತಿಂಡಿ ಸೇರಲ್ಲ. ಎಲ್ಲಾ ನಿಲ್ಲಿಸಿಬಿಡ್ಲಾ?"

ನಿಲ್ಲಿಸಬೇಡಿ. ಇಷ್ಟು ದಿನ ತಗೊಂಡಿದ್ದನ್ನು ಒಮ್ಮೆಗೇ ಬಿಟ್ಟರೆ ವೀಜಿಂಗ್ ಮರಳುವುದಷ್ಟೇ ಅಲ್ಲ, ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಈ ವಾರವೇ ಡಾಕ್ಟರಿಗೆ ತೋರಿಸಿ, ಬೆಳಗಿನ ಕಾರ್ಟಿಸಾಲ್ ಪರೀಕ್ಷೆ ಬೇಕಾ ಅಂತ ಕೇಳಿ. ಕಾರ್ಟಿಸಾಲ್ ಅಂದರೆ ಮೈ ತಾನೇ ಮಾಡಿಕೊಳ್ಳುವ ಸ್ಟಿರಾಯ್ಡ್.

ನಾನು ಮಕ್ಕಳ ಡಾಕ್ಟರು, ಬೆಂಗಳೂರಲ್ಲೇ ಕ್ಲಿನಿಕ್. ನಿಮ್ಮ ಮಗಳ ವಯಸ್ಸಿನ ಹುಡುಗನೊಬ್ಬ ನನ್ನ ಹತ್ತಿರ ಬರುತ್ತಿದ್ದ. ಒಂದು ರಾತ್ರಿ ಎರಡು ಸಲ ವಾಂತಿ ಮಾಡಿಕೊಂಡು ಊಟ ಬಿಟ್ಟು ಮಲಗಿದ. ಬೆಳಿಗ್ಗೆ ಆರಕ್ಕೆ ಎಬ್ಬಿಸಿದರೆ ಏಳಲಿಲ್ಲ. ಮೈ ತಣ್ಣಗೆ, ಬೆವರು. ಮನೇಲಿ ತಾತನ ಸಕ್ಕರೆ ನೋಡುವ ಮಿಷನ್ ಇತ್ತು, ಪುಣ್ಯ. 41 ತೋರಿಸಿತು, ತೀರಾ ಕಮ್ಮಿ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಕೊಟ್ಟರೆ ಕಣ್ಣು ಬಿಟ್ಟ, ಸ್ವಲ್ಪ ಹೊತ್ತಿಗೆ ಮತ್ತೆ ಮಂಕಾದ. ಅಲ್ಲಿದ್ದ ಡಾಕ್ಟರಿಗೆ ಅನುಮಾನ ಬಂತು. ಕಾರ್ಟಿಸಾಲ್‌ಗೆ ರಕ್ತ ತೆಗೆದು, ರಿಪೋರ್ಟಿಗೆ ಕಾಯದೆ ಕಾರ್ಟಿಸಾಲಿನದೇ ಔಷಧಿ ರೂಪವಾದ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟರು. ಮಧ್ಯಾಹ್ನಕ್ಕೆ ಎದ್ದು ಕೂತು ಇಡ್ಲಿ ಕೇಳಿದ. ರಿಪೋರ್ಟಲ್ಲಿ ಕಾರ್ಟಿಸಾಲ್ 1.1 ಇತ್ತು. ಅಷ್ಟು ಕಾಯಿಲೆ ಬಿದ್ದಾಗ ಅದು 18ರ ಮೇಲೆ ಏರಿರಬೇಕಿತ್ತು.

ಸಂಜೆ ಅವನ ಅಮ್ಮ ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಮೇಜಿನ ಮೇಲೆ ಸುರಿದರು. ಫ್ಲುಟಿಕಾಸೋನ್ ಅನ್ನೋ ಸ್ಟಿರಾಯ್ಡಿನ 125ರ ಇನ್ಹೇಲರ್, ಬೆಳಿಗ್ಗೆ ಎರಡು ಪಫ್, ರಾತ್ರಿ ಎರಡು. ಅಂದರೆ ದಿನಕ್ಕೆ 500 ಮೈಕ್ರೋಗ್ರಾಂ. ಆ ವಯಸ್ಸಿಗೆ 200 ದಾಟಿದರೇ ಜಾಸ್ತಿ ಡೋಸ್. ಚೀಟಿ ಬರೆದವನು ನಾನೇ. ಜೋರು ಅಟ್ಯಾಕ್ ಆದಾಗ ಕೊಟ್ಟಿದ್ದು, ಹದಿನಾಲ್ಕು ತಿಂಗಳು ಇಳಿಸಿರಲೇ ಇಲ್ಲ. ಉಸಿರಾಟ ಮೂರು ತಿಂಗಳು ಸರಿಯಿದ್ದರೆ ಡೋಸ್ ಇಳಿಸಿ ನೋಡಬೇಕಿತ್ತು. ಕವರಿನಲ್ಲಿ ಬೇರೆ ಡಾಕ್ಟರು ಕೊಟ್ಟ ಮೂಗಿನ ಸ್ಪ್ರೇಯೂ ಇತ್ತು. ಕೊನೆಗೆ ಬಾಲ ಸುತ್ತಿ ಹಿಂಡಿದ್ದ ಒಂದು ಟ್ಯೂಬ್ ಬಿತ್ತು, ಕ್ಲೋಬೆಟಸಾಲ್. ಮೊಣಕೈ ಮಡಿಕೆಯ ಕಜ್ಜಿಗೆ ಅಂತ ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ಹಚ್ಚುತ್ತಿದ್ದರಂತೆ. ಚರ್ಮದ ಸ್ಟಿರಾಯ್ಡ್‌ಗಳಲ್ಲಿ ಅದು ತೀರಾ ಗಡುಸಿನದು. ಮೂಗಿನ ಸ್ಪ್ರೇ ಒಂದೇ ಆಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮೂರೂ ಸೇರಿದ್ದೇ ತೊಂದರೆ.

ಬಾಯಿ ಮುಕ್ಕಳಿಸುವುದು ಒಳ್ಳೆಯದೇ, ಬಾಯಲ್ಲಿ ಬಿಳಿ ಫಂಗಸ್ ಬರುವುದು ಕಮ್ಮಿಯಾಗುತ್ತದೆ. ಆದರೆ ಫ್ಲುಟಿಕಾಸೋನ್ ನುಂಗಿದ್ದನ್ನು ಲಿವರ್ ಹೆಚ್ಚುಕಮ್ಮಿ ಪೂರ್ತಿ ನಾಶ ಮಾಡಿಬಿಡುತ್ತದೆ. ರಕ್ತಕ್ಕೆ ಸೇರುವುದು ಶ್ವಾಸಕೋಶದಿಂದ. ಅದನ್ನು ಯಾವ ಮುಕ್ಕಳಿಕೆಯೂ ತಡೆಯದು. ಹೊರಗಿನ ಸ್ಟಿರಾಯ್ಡ್ ದಿನವೂ ಬರುತ್ತಿದ್ದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ, ಕಿಡ್ನಿ ಮೇಲೆ ಕೂತಿರುವ ಅಡ್ರಿನಲ್‌ಗೆ ಹುಕುಂ ಕಳಿಸುವುದನ್ನೇ ಬಿಡುತ್ತದೆ. ಕೆಲಸವಿಲ್ಲದ ಅಡ್ರಿನಲ್ ಸೊರಗುತ್ತದೆ. ಜ್ವರ, ವಾಂತಿ, ಆಪರೇಷನ್ ಬಂದಾಗ ಬೇಕಾದಷ್ಟು ಕಾರ್ಟಿಸಾಲ್ ಮಾಡಲು ಅದಕ್ಕೆ ಆಗಲ್ಲ. ಔಷಧಿ ಒಮ್ಮೆಗೇ ಬಿಟ್ಟರೂ ಇದೇ ಅಪಾಯ.

ಕಷ್ಟ ಏನೆಂದರೆ, ಲಕ್ಷಣಗಳು ಸಾಧಾರಣ. ಸುಸ್ತು, ಬೆಳಿಗ್ಗೆ ಹಸಿವಿಲ್ಲದಿರುವುದು, ಹೊಟ್ಟೆನೋವು, ತಲೆನೋವು, ಸಣ್ಣ ಜ್ವರದಿಂದಲೂ ಬೇಗ ಚೇತರಿಸಿಕೊಳ್ಳದಿರುವುದು. ಸ್ಕೂಲ್ ಯೂನಿಫಾರ್ಮ್ ಎರಡನೇ ವರ್ಷವೂ ಸರಿಯಾಗಿ ಕೂತರೆ, ಎತ್ತರ ನಿಂತಿದೆಯಾ ಅಂತ ನೋಡಿ. ಅಡ್ರಿನಲ್ ಕಾಯಿಲೆಯಲ್ಲಿ ಚರ್ಮ ಕಪ್ಪಾಗುತ್ತದೆ ಅಂತ ಓದಿರುತ್ತೀರಿ. ಇದರಲ್ಲಿ ಆಗಲ್ಲ. ಪೊಟ್ಯಾಷಿಯಂ ಕೂಡ ಸರಿಯೇ ಇರುತ್ತದೆ.

ಪರೀಕ್ಷೆಗೆ ಬೆಳಿಗ್ಗೆ 8ರ ಸುಮಾರಿಗೆ, ಆ ದಿನದ ಇನ್ಹೇಲರ್‌ಗೆ ಮೊದಲು ರಕ್ತ ಕೊಡಿಸಿ. ಈಚೆಗೆ ಪ್ರೆಡ್ನಿಸೋಲೋನ್ ಸಿರಪ್ ಕುಡಿದಿದ್ದರೆ ಹೇಳಿ, ಅದು ಲೆಕ್ಕ ಕೆಡಿಸುತ್ತದೆ. ಕಾರ್ಟಿಸಾಲ್ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿದರೆ ಸಾಮಾನ್ಯವಾಗಿ ನೆಮ್ಮದಿ. 3ಕ್ಕಿಂತ ಕೆಳಗಿದ್ದರೆ ಅಡ್ರಿನಲ್ ಕುಗ್ಗಿದೆ ಅಂತಲೇ ಹಿಡಿಯುತ್ತೇವೆ. ನಡುವೆ ಬಂದರೆ ಪಿಟ್ಯುಟರಿಯ ಆ ಹುಕುಂ ಹಾರ್ಮೋನನ್ನೇ, ಅಂದರೆ ಎಸಿಟಿಎಚ್ ಅನ್ನು, ಇಂಜೆಕ್ಷನ್ ಕೊಟ್ಟು ಕಾರ್ಟಿಸಾಲ್ ಏರುತ್ತದಾ ಅಂತ ನೋಡಬೇಕು. ಆ ಹುಡುಗನಿಗೆ ಹೈಡ್ರೋಕಾರ್ಟಿಸೋನ್ ಮಾತ್ರೆ ಕೊಡುತ್ತಾ ಇನ್ಹೇಲರನ್ನು ಮೆಲ್ಲಗೆ ಇಳಿಸಿದೆವು. ಅಡ್ರಿನಲ್ ಎದ್ದೇಳಲು ಎಂಟು ತಿಂಗಳು ಹಿಡಿಯಿತು.

ಮನೇಲಿ ದೊಡ್ಡವರಿದ್ದರೆ ಒಂದು ಮಾತು. ಮಂಡಿಗೆ ಟ್ರಯಾಮ್ಸಿನೋಲೋನ್ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡರೂ ಕೆಲವು ವಾರ ಅಡ್ರಿನಲ್ ಮಲಗಬಹುದು. ಜೊತೆಗೆ ಹುಳುಕಡ್ಡಿಗೆ ಇಟ್ರಾಕೊನಝೋಲ್ ನುಂಗುತ್ತಿದ್ದರೆ ಆ ಸ್ಟಿರಾಯ್ಡ್ ಲಿವರಿನಲ್ಲಿ ಕರಗದೆ ಉಳಿದು, ತೊಂದರೆ ಇನ್ನೂ ಜೋರಾಗುತ್ತದೆ, ಜಾಸ್ತಿ ದಿನ ಕಾಡುತ್ತದೆ. ಫ್ಲುಟಿಕಾಸೋನ್ ಇನ್ಹೇಲರ್‌ಗೂ ಇದೇ ಲೆಕ್ಕ.

ರಿಪೋರ್ಟ್ ಬರುವ ತನಕ ಮಗಳಿಗೆ ವಾಂತಿ ಶುರುವಾಗಿ ಮಂಕಾದರೆ ತಡಮಾಡದೆ ಎಮರ್ಜೆನ್ಸಿಗೆ ಹೋಗಿ. ಎಲ್ಲ ಔಷಧಿಯನ್ನೂ, ಮುಲಾಮಿನ ಟ್ಯೂಬ್ ಸಮೇತ, ಕವರಿಗೆ ಹಾಕಿಕೊಂಡು ಹೋಗಿ. ಬಾಗಿಲಲ್ಲೇ "ಎರಡು ವರ್ಷದಿಂದ ಸ್ಟಿರಾಯ್ಡ್ ಇನ್ಹೇಲರ್ ತಗೊಳ್ತಿದ್ದಾಳೆ, ಮೊದಲು ಸಕ್ಕರೆ ನೋಡಿ" ಅಂತ ಹೇಳಿ.