ದೇವರ ಮನೆಯ ಗಾಜು ಬಿರುಕು ಬಿಟ್ಟಿತ್ತು: ಬಾಡಿಗೆದಾರರೊಬ್ಬರ ಆಪ್ತಸಲಹೆ ಪ್ರಕರಣ

(ಅವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆಕೆ ನನ್ನ ಹತ್ತಿರ ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ವಯಸ್ಸು ಮೂವತ್ತರ ಆಸುಪಾಸು. ದಾವಣಗೆರೆಯ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. ಗಂಡನಿಂದ ಬೇರೆಯಾಗಿದ್ದಾರೆ, ಆರು ವರ್ಷದ ಮಗ ಜೊತೆಗಿದ್ದಾನೆ. ಮನೆ ಮಾಲೀಕರು ನಿವೃತ್ತ ಮೇಷ್ಟ್ರು. ಅವರೂ ಅವರ ಹೆಂಡತಿಯೂ ಕೆಳಗಿನ ಮನೆಯಲ್ಲಿ, ಈಕೆ ಮೇಲಿನ ಮನೆಯಲ್ಲಿ.

ಕೆಲಸದ ಒತ್ತಡ, ಮಗನ ಸ್ಕೂಲು, ಹೀಗೆ ಸುಮಾರು ಹೊತ್ತು ಮಾತಾಡಿದೆವು. ಬೆಳಗ್ಗೆ ಎಷ್ಟು ಹೊತ್ತಿಗೆ ಮನೆ ಬಿಡ್ತೀರಿ ಅಂತ ಕೇಳಿದಾಗ ವಿಷಯ ಹೊರಗೆ ಬಂತು. ಕೆಳಗಿನ ಆಂಟಿ ರಂಗೋಲಿ ಹಾಕೋಕೆ ಬರೋದಕ್ಕೆ ಮೊದಲೇ ಹೊರಟುಬಿಡ್ತೀನಿ ಅಂದರು. ಯಾಕೆ ಅಂದೆ. ಆಗ ಗಾಜಿನ ಕಥೆ ಹೇಳಿದರು.

ಹಬ್ಬಕ್ಕೆ ಮನೆ ಸ್ವಚ್ಛ ಮಾಡುತ್ತಾ ಕಬ್ಬಿಣದ ಬೀರುವನ್ನು ಒಬ್ಬರೇ ಎಳೆದಿದ್ದಾರೆ. ಅದು ವಾಲಿ, ಅದರ ಮೂಲೆ ದೇವರ ಮನೆಯ ಗಾಜಿಗೆ ತಗುಲಿದೆ. ದೇವರ ಮನೆ ಬಾಗಿಲಿನ ಎರಡೂ ಪಕ್ಕ ತೇಗದ ಚೌಕಟ್ಟಿನಲ್ಲಿ ಕೂರಿಸಿದ ಮಂಜುಗಾಜು ಇದೆ. ಒಂದೂವರೆ ಅಡಿ ಅಗಲ, ಆರು ಅಡಿ ಎತ್ತರ. ಎರಡರ ಮೇಲೂ ದೀಪದ ಕಂಬದ ಡಿಸೈನ್, ಒಂದಕ್ಕೊಂದು ಜೋಡಿ. ಎಡಗಡೆಯದರ ಕೆಳಮೂಲೆಯಿಂದ ಒಂದು ಗೇಣಿನಷ್ಟು ಬಿರುಕು ಹೋಗಿತ್ತು. ಆಕೆ ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದರು. ಹತ್ತು ದಿನ ಆಗಿತ್ತು. ಬಿರುಕು ಈಗ ಕ್ಯಾಲೆಂಡರಿನ ಅಂಚು ದಾಟಿ ಮೇಲೆ ಬಂದಿತ್ತು. ಮಗನಿಗೂ, "ಕೆಳಗಿನ ಅಜ್ಜಿಗೆ ಹೇಳಬೇಡ" ಅಂದಿದ್ದರು.

ದುಡ್ಡಿನ ಭಯವಾ ಅಂತ ಕೇಳಿದೆ. ಅಲ್ಲ ಅಂದರು. ಒಂಟಿ ಹೆಂಗಸು ಅಂತ ಎಷ್ಟೋ ಕಡೆ ಮನೆ ಕೊಟ್ಟಿರಲಿಲ್ಲ. "ಯಜಮಾನರು ಎಲ್ಲಿದ್ದಾರೆ" ಅನ್ನೋ ಪ್ರಶ್ನೆ ಕೇಳದೆ ಮನೆ ಕೊಟ್ಟವರು ಇವರೊಬ್ಬರೇ. "ಅಂಥವರ ದೇವರ ಮನೆ ಗಾಜನ್ನೇ ಒಡೆದೆ ಮೇಡಂ. ನಾನು ಎಲ್ಲಿ ಹೋದರೂ ಹೀಗೇ" ಅಂದರು.

ಆ ಕೊನೆಯ ಮಾತನ್ನು ನಾನು ಹಿಡಿದುಕೊಂಡೆ. "ನಾನು ಒಂದು ತಪ್ಪು ಮಾಡಿದೆ" ಅನ್ನಿಸುವುದು ಬೇರೆ, "ನಾನೇ ಸರಿಯಿಲ್ಲ" ಅನ್ನಿಸುವುದು ಬೇರೆ. ಮನೋವಿಜ್ಞಾನದಲ್ಲಿ ಇವೆರಡನ್ನೂ ಬೇರೆಯಾಗಿಯೇ ನೋಡುತ್ತಾರೆ. ಮೊದಲನೆಯದು ಮನುಷ್ಯನನ್ನು ಸರಿಪಡಿಸುವ ಕಡೆಗೆ ತಳ್ಳುತ್ತದೆ. ಎರಡನೆಯದು ಅಡಗಿಕೊಳ್ಳುವ ಕಡೆಗೆ ತಳ್ಳುತ್ತದೆ. ಕ್ಯಾಲೆಂಡರ್ ನೇತುಹಾಕಿದ್ದು, ರಂಗೋಲಿ ಹೊತ್ತಿಗೆ ಮೊದಲೇ ಹೊರಡುತ್ತಿದ್ದದ್ದು, ಮಗನ ಬಾಯಿ ಮುಚ್ಚಿಸಿದ್ದು, ಎಲ್ಲ ಈ ಎರಡನೆಯದರ ಕೆಲಸ. ಹಾಗಾಗಿ ಮೊದಲು ಆಕೆಯ ಮಾತನ್ನು ಸಣ್ಣದು ಮಾಡಿಸಿದೆ. ಏನಾಯಿತೋ ಅಷ್ಟನ್ನೇ ಹೇಳಿ ಅಂದೆ. "ಬೀರು ಎಳೆಯುವಾಗ ಗಾಜಿಗೆ ತಗುಲಿಸಿದೆ. ಗಾಜು ಬಿರುಕು ಬಿಟ್ಟಿತು. ಹತ್ತು ದಿನ ಹೇಳಲಿಲ್ಲ." ಮೂರೇ ವಾಕ್ಯ. ಇದರಲ್ಲಿ ಮೊದಲ ಎರಡು ಆಕಸ್ಮಿಕ, ಮೂರನೆಯದು ಮಾತ್ರ ಆಕೆಯ ಆಯ್ಕೆ. ಇದನ್ನು ಬಿಡಿಸಿ ಹೇಳಿದಾಗ ಆಕೆಯ ಮುಖ ಸ್ವಲ್ಪ ಸಡಿಲವಾಯಿತು.

ಅವತ್ತು ಮನೆಗೆ ಹೋದ ತಕ್ಷಣ ಮಾಡಬೇಕಾದ್ದು ಕ್ಷಮೆ ಕೇಳುವುದಲ್ಲ, ಗಾಜನ್ನು ಭದ್ರ ಮಾಡುವುದು ಅಂದೆ. ಗಾಜು ಬಿರುಕು ಬಿಟ್ಟು ನಿಂತಿದೆ ಅಂದರೆ ಅದು ಸಾದಾ ಗಾಜು. ಟಫನ್ಡ್ ಗಾಜಾಗಿದ್ದರೆ ಬಿರುಕಿನಲ್ಲಿ ನಿಲ್ಲುವುದಿಲ್ಲ, ಇಡೀ ಹಲಗೆ ಒಮ್ಮೆಗೇ ಪುಡಿಪುಡಿಯಾಗಿ ಉದುರುತ್ತದೆ. ಸಾದಾ ಗಾಜು ಒಡೆದರೆ ಚೂರಿಯಂಥ ಉದ್ದ ತುಂಡುಗಳಾಗುತ್ತವೆ. ಬಾಗಿಲು ಬಡಿದಾಗಿನ ನಡುಕ, ದೀಪದ ಕಾವು, ಇವಕ್ಕೆಲ್ಲ ಬಿರುಕು ಮುಂದೆ ಹೋಗುತ್ತಲೇ ಇರುತ್ತದೆ. ಐದು ಮಿಲಿಮೀಟರ್ ದಪ್ಪದ ಆ ಅಳತೆಯ ಗಾಜು ಸುಮಾರು ಹತ್ತು ಕಿಲೋ ತೂಗುತ್ತದೆ. ಮನೆಯಲ್ಲಿ ಆರು ವರ್ಷದ ಹುಡುಗ ಓಡಾಡುತ್ತಾನೆ. ಪಾರ್ಸೆಲ್‌ಗೆ ಹಾಕುವ ಅಗಲ ಪಾರದರ್ಶಕ ಟೇಪನ್ನು ಎರಡೂ ಕಡೆ ಬಿರುಕಿನ ಉದ್ದಕ್ಕೂ, ಆಮೇಲೆ ಅಡ್ಡಕ್ಕೂ ಅಂಟಿಸಿ ಅಂದೆ. ಟೇಪು ಗಾಜನ್ನು ಗಟ್ಟಿ ಮಾಡುವುದಿಲ್ಲ, ಒಡೆದರೆ ತುಂಡು ಚೆಲ್ಲದಂತೆ ಹಿಡಿಯುತ್ತದೆ ಅಷ್ಟೇ. ದೀಪವನ್ನು ಆ ಕಡೆಯಿಂದ ದೂರ ಇಡಿ, ಮಗನನ್ನು ಅಲ್ಲಿ ಆಡಲು ಬಿಡಬೇಡಿ. ಕ್ಯಾಲೆಂಡರ್ ತೆಗೆದು ಫೋಟೋ ತೆಗೆದುಕೊಳ್ಳಿ.

ಆಕೆಗೆ ಇನ್ನೊಂದು ಯೋಚನೆ ಇತ್ತು. ಮಾಲೀಕರು ಊರಿಗೆ ಹೋದಾಗ ಸದ್ದಿಲ್ಲದೆ ಹೊಸ ಗಾಜು ಹಾಕಿಸಿಬಿಡೋಣ ಅಂತ. ಇದು ಬೇಡ ಅಂದೆ, ಖಂಡಿತವಾಗಿಯೇ. ಗಾಜು ಅವರದು, ಎಂಥದು ಹಾಕಬೇಕು, ಯಾರ ಕೈಲಿ ಹಾಕಿಸಬೇಕು ಅನ್ನುವುದೂ ಅವರ ಮಾತು. ಡಿಸೈನ್ ಒಂದಿಷ್ಟು ಬೇರೆಯಾದರೂ ಅವರ ಕಣ್ಣಿಗೆ ಬೀಳುತ್ತದೆ. ಆಗ ಒಡೆದದ್ದಕ್ಕಿಂತ ಮುಚ್ಚಿಟ್ಟದ್ದೇ ದೊಡ್ಡದಾಗುತ್ತದೆ.

"ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ ಅಂತ ಹೇಳಲಾ?" ಅಂತಲೂ ಕೇಳಿದರು. ಬಾಡಿಗೆದಾರರು ಸಾಮಾನ್ಯವಾಗಿ ಮೊದಲು ಹೇಳುವ ಮಾತು ಇದೇ. ನನಗೆ ಇದು ಅಷ್ಟು ಒಪ್ಪಿಗೆಯಾಗುವುದಿಲ್ಲ. ಅಡ್ವಾನ್ಸ್ ಲೆಕ್ಕ ಆಗುವುದು ಮನೆ ಬಿಡುವಾಗ. ಅಲ್ಲಿಯವರೆಗೆ ಒಡೆದ ಗಾಜು ಅಲ್ಲೇ ಇರಬೇಕಾ? ಈಗಲೇ ಹಾಕಿಸಿದರೆ ಮೊದಲು ದುಡ್ಡು ಹಾಕಬೇಕಾದವರು ಮಾಲೀಕರು. ಅಂದರೆ ಹೊರೆ ಅವರ ತಲೆಗೇ ಹೋಯಿತು. ಕಾನೂನಿನಲ್ಲೂ ಇದಕ್ಕೆ ದಾರಿ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಬಾಡಿಗೆದಾರರು ಮನೆಯನ್ನು ಕೊಟ್ಟ ಸ್ಥಿತಿಯಲ್ಲೇ ಇಟ್ಟುಕೊಳ್ಳಬೇಕು. ಬಳಕೆಯಿಂದ ತಾನಾಗಿ ಸವೆದದ್ದು ಇದರಲ್ಲಿ ಸೇರುವುದಿಲ್ಲ. ತಮ್ಮ ಕೈಯಿಂದ ಹಾಳಾದದ್ದನ್ನು ಮಾಲೀಕರು ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಸರಿಮಾಡಿಸಬೇಕು. ಆಕೆಗೆ ಇದನ್ನು ಹೇಳಿದ್ದು ಹೆದರಿಸಲು ಅಲ್ಲ. ಗಾಜು ಬಿರುಕು ಬಿಟ್ಟ ಮಾತ್ರಕ್ಕೆ ಮರುದಿನವೇ ಸಾಮಾನು ಹೊರಗೆ ಹಾಕುತ್ತಾರೆ ಅಂತ ಆಕೆ ಅಂದುಕೊಂಡಿದ್ದರು. ಸರಿಮಾಡಿಸಲು ಕಾನೂನೇ ಸಮಯ ಕೊಡುತ್ತದೆ ಅಂತ ತಿಳಿಯಲಿ ಅನ್ನುವುದಕ್ಕೆ ಹೇಳಿದೆ.

ಆಮೇಲೆ ಮಾತು. ಆಕೆ ಮೊಬೈಲ್‌ನಲ್ಲಿ ಒಂದು ಮೆಸೇಜ್ ಬರೆದಿಟ್ಟುಕೊಂಡಿದ್ದರು, ಕಳಿಸಿರಲಿಲ್ಲ. ನನಗೆ ಓದಿದರು:

"ನಮಸ್ತೆ ಸರ್. ದೇವರ ಮನೆ ಗಾಜು ಸ್ವಲ್ಪ ಕ್ರ್ಯಾಕ್ ಆಗಿದೆ ಸರ್. ಗಾಜು ಮೊದಲೇ ಸ್ವಲ್ಪ ಸಡಿಲ ಇತ್ತು ಅನ್ಸುತ್ತೆ. ನಾನು ಒಬ್ಬಳೇ ಎಲ್ಲ ಮಾಡ್ಕೋಬೇಕು, ನಿಮಗೆ ಗೊತ್ತಲ್ಲ ಸರ್. ನಿಮಗೆ ಬೇಜಾರಾಗಿದ್ರೆ ದಯವಿಟ್ಟು ಕ್ಷಮಿಸಿಬಿಡಿ. ಏನಾದ್ರೂ ಮಾಡೋಣ."

ಇದನ್ನು ಓದುವ ಮೇಷ್ಟ್ರಿಗೆ ಏನು ಗೊತ್ತಾಗುತ್ತದೆ ಅಂತ ಕೇಳಿದೆ. ಯಾರು ಒಡೆದರು ಅಂತ ಗೊತ್ತಾಗುವುದಿಲ್ಲ. ಗಾಜೇ ಸಡಿಲ ಇತ್ತು ಅಂದರೆ ತಪ್ಪು ಕೂರಿಸಿದವರ ಮೇಲೆ ಹೋಯಿತು. "ಏನಾದ್ರೂ ಮಾಡೋಣ" ಅಂದರೆ ಯಾರು, ಯಾವಾಗ? ಅದಕ್ಕಿಂತ ಹೆಚ್ಚಾಗಿ, ಕ್ಷಮಿಸಿಬಿಡಿ ಅಂತ ಒತ್ತಾಯಿಸಿದರೆ ಅವರಿಗೇ ಒಂದು ಕೆಲಸ ಕೊಟ್ಟಂತೆ. ಕ್ಷಮೆಯಾಚನೆಯ ಬಗ್ಗೆ ರಾಯ್ ಲೆವಿಕಿ ಮತ್ತು ಅವರ ಜೊತೆಯವರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎದುರಿನವರ ಮನಸ್ಸಿಗೆ ಹೆಚ್ಚು ತಟ್ಟಿದ್ದು "ತಪ್ಪು ನನ್ನದು" ಅನ್ನುವ ಒಪ್ಪಿಗೆ. ಅದರ ನಂತರ, ಸರಿಮಾಡಿಕೊಡುತ್ತೇನೆ ಅನ್ನುವ ಮಾತು. ಎಲ್ಲಕ್ಕಿಂತ ಕಡಿಮೆ ತೂಕ ಇದ್ದದ್ದು "ಕ್ಷಮಿಸಿಬಿಡಿ" ಅನ್ನುವ ಬೇಡಿಕೆಗೆ. ನನ್ನ ಕೋಣೆಯಲ್ಲಿ ಕುಳಿತವರ ಅನುಭವವೂ ಹೆಚ್ಚುಕಡಿಮೆ ಹೀಗೇ.

ಮೆಸೇಜ್ ಬೇಡ, ಎದುರಿಗೇ ಹೇಳಿ ಅಂದೆ. ಮೆಟ್ಟಿಲಿಳಿದರೆ ಸಿಗುವವರಿಗೆ ವಾಟ್ಸಾಪ್ ಮಾಡಿದರೆ ಇನ್ನೊಮ್ಮೆ ಅಡಗಿಕೊಂಡ ಹಾಗೆ. ಹೇಳಬೇಕಾದ್ದನ್ನು ಇಬ್ಬರೂ ಕೂತು ಬರೆದೆವು:

"ಸರ್, ಆಂಟಿ, ಒಂದು ವಿಷಯ ಹೇಳಬೇಕು. ದೇವರ ಮನೆ ಎಡಗಡೆ ಗಾಜು ನನ್ನ ಕೈಯಿಂದ ಬಿರುಕು ಬಿಟ್ಟಿದೆ. ಬೀರು ಎಳೆಯುವಾಗ ತಗುಲಿಸಿದೆ. ಆಗಿ ಹತ್ತು ದಿನ ಆಯ್ತು. ಹೆದರಿಕೊಂಡು ಹೇಳಲಿಲ್ಲ, ಅದೂ ನನ್ನದೇ ತಪ್ಪು. ನೀವು ಆಸೆಪಟ್ಟು ಮಾಡಿಸಿದ್ದು ಅಂತ ಗೊತ್ತು, ತುಂಬಾ ಬೇಜಾರಾಗಿದೆ. ನೀವು ಒಪ್ಪಿದರೆ ನಾನೇ ಗಾಜಿನವರನ್ನು ಕರೆಸಿ ಹಾಕಿಸ್ತೀನಿ. ಇಲ್ಲ, ನಿಮ್ಮ ಕಡೆಯವರೇ ಹಾಕಲಿ ಅಂದ್ರೆ ಖರ್ಚು ಪೂರ್ತಿ ನಾನು ಕೊಡ್ತೀನಿ. ನಿಮಗೆ ಯಾವುದು ಸರಿ ಅನ್ಸುತ್ತೋ ಹಾಗೆ."

ನಾನು ಮೇಷ್ಟ್ರಾಗಿ ಕುಳಿತೆ, ಆಕೆ ಹೇಳಿದರು. ನಾನು ಬೇಕಂತಲೇ, "ದೇವರ ಮನೆ ಗಾಜು ಒಡೆಯೋದು ಒಳ್ಳೇದಲ್ಲಮ್ಮ" ಅಂದೆ. ಆಕೆ ತಕ್ಷಣ, "ಅದಕ್ಕೆಲ್ಲ ಏನೂ ಆಗಲ್ಲ ಸರ್" ಅಂದುಬಿಟ್ಟರು. ಅಲ್ಲಿ ನಿಲ್ಲಿಸಿದೆ. ನಮಗೆ ಶಕುನದಲ್ಲಿ ನಂಬಿಕೆ ಇದೆಯೋ ಇಲ್ಲವೋ, ಆ ಹೊತ್ತು ಅದರ ಚರ್ಚೆಗಲ್ಲ. "ಹೌದು ಸರ್, ನಿಮಗೆ ನೋವಾಗಿರುತ್ತೆ. ಬೇಗ ಸರಿಮಾಡಿಸೋಣ" ಅಂದರೆ ಸಾಕು. ಅವರು ಬೇಸರ ಹೇಳಿಕೊಳ್ಳುವಾಗ ಸುಮ್ನೆ ಕೇಳಿ ಅಂದೆ.

ಇನ್ನೊಂದು ವಿಷಯವನ್ನೂ ಒತ್ತಿ ಹೇಳಿದೆ. ನಮ್ಮ ಕಡೆ ಜನ ಮೊದಲು "ಇರ್ಲಿ ಬಿಡಮ್ಮ" ಅಂದೇ ಅನ್ನುತ್ತಾರೆ. ಅದು ಸೌಜನ್ಯದ ಮಾತು. ಖರ್ಚು ಬಿಟ್ಟರು ಅಂತ ಅಲ್ಲ. ಅದನ್ನೇ ಹಿಡಿದುಕೊಂಡು ಎದ್ದು ಬಂದರೆ ಆರು ತಿಂಗಳಾದ ಮೇಲೆ ಅದು ಬೇರೆ ರೂಪದಲ್ಲಿ ಹೊರಗೆ ಬರುತ್ತದೆ. ಇನ್ನೊಂದು ಸಲ ಹೇಳಿ, ದಿನ ಇಟ್ಟುಕೊಂಡು ಹೇಳಿ: "ಭಾನುವಾರ ಗಾಜಿನವರನ್ನು ಅಳತೆಗೆ ಕರೆಸಲಾ ಸರ್?" ಎರಡನೇ ಸಲವೂ ಬೇಡ ಅಂದರೆ ಒಪ್ಪಿಕೊಳ್ಳಿ. ಮೂರನೇ ಸಲ ಕೇಳಿದರೆ ಅವರನ್ನೇ ಸಮಾಧಾನ ಮಾಡಲು ಕೂರಿಸಿದಂತಾಗುತ್ತದೆ.

ಮಗನ ವಿಷಯ ಕೊನೆಗೆ ಹೇಳಿದರೂ ನನಗೆ ಅದು ಚಿಕ್ಕದಲ್ಲ. ಆರು ವರ್ಷದ ಹುಡುಗ ದಿನಾ ಕೆಳಗಿನ ಅಜ್ಜಿ ಹತ್ತಿರ ಆಡಲು ಹೋಗುತ್ತಾನೆ, ಬಾಯಿ ಬಿಗಿದುಕೊಂಡು. "ಹೇಳಬೇಡ ಅಂದಿದ್ದು ಅಮ್ಮನ ತಪ್ಪು. ಇವತ್ತು ಅಮ್ಮನೇ ಹೇಳ್ತಾಳೆ" ಅಂತ ಅವನಿಗೆ ಮೊದಲು ಹೇಳಿ, ಆಮೇಲೆ ಕೆಳಗೆ ಹೋಗಿ ಅಂದೆ.

ಮುಂದಿನ ವಾರ ಬಂದು ನಡೆದದ್ದು ಹೇಳಿದರು. ಅವತ್ತೇ ಸಂಜೆ ಹೋಗಿದ್ದರು. ಮೇಷ್ಟ್ರು ಮಾತಾಡಲಿಲ್ಲ, ಮೇಲೆ ಬಂದು ಗಾಜು ನೋಡಿದರು. ಗಾಜಿಗಿಂತ ಆಂಟಿಗೆ ಬೇಸರವಾದದ್ದು ಹತ್ತು ದಿನ ಹೇಳದೆ ಇದ್ದದ್ದಕ್ಕೆ. "ನಾನು ದಿನಾ ನಿನ್ನ ಮಗನಿಗೆ ದೋಸೆ ಹಾಕ್ತೀನಲ್ಲ, ನನಗೆ ಹೇಳೋಕೆ ಏನಾಗಿತ್ತು?" ಅಂದರಂತೆ. ಈಕೆ ಸಮಜಾಯಿಷಿ ಕೊಡಲಿಲ್ಲ. "ಹೇಳಬೇಕಿತ್ತು ಆಂಟಿ" ಅಂದರು, ಅಷ್ಟೇ. ನಿರೀಕ್ಷಿಸಿದ ಹಾಗೇ ಮೇಷ್ಟ್ರು "ಇರ್ಲಿ ಬಿಡಮ್ಮ" ಅಂದರು. ಈಕೆ ಭಾನುವಾರದ ಮಾತು ತೆಗೆದರು. ಒಪ್ಪಿದರು.

ಒಂದು ತೊಡಕು ಉಳಿದಿತ್ತು. ಗಾಜಿನವರು ಬಂದು ಅಳತೆ ತೆಗೆದು, ಈ ಡಿಸೈನ್ ಹೊಸದಾಗಿ ಮಾಡಿದರೂ ಹಳೆಯದರ ಬಣ್ಣಕ್ಕೆ, ಮಂಜಿಗೆ ಸರಿಯಾಗಿ ಕೂರುವುದಿಲ್ಲ ಅಂದರು. ಆಂಟಿಗೆ ಎರಡೂ ಒಂದೇ ಥರ ಬೇಕು. ಎರಡನೇ ಗಾಜಿನ ಖರ್ಚು ಯಾರದು? ಆಕೆ ಎರಡಕ್ಕೂ ಕೊಡಲು ಸಿದ್ಧರಿದ್ದರು. ಆದರೆ ಅದು ಹೆದರಿಕೆಯಿಂದ ಬಂದ ಸಿದ್ಧತೆ. ನನ್ನ ಅಭಿಪ್ರಾಯ ಹೀಗಿತ್ತು: ಒಡೆದ ಗಾಜು, ಅದರ ಡಿಸೈನ್, ಕೂಲಿ, ಇಷ್ಟು ಪೂರ್ತಿ ಆಕೆಯದು. ಚೆನ್ನಾಗಿರುವ ಇನ್ನೊಂದನ್ನು ಬದಲಿಸುವುದು ಮಾಲೀಕರ ಇಷ್ಟ. ಆದರೂ ಜೋಡಿ ಕೆಟ್ಟದ್ದು ಆಕೆಯಿಂದ ತಾನೇ. ಹಾಗಾಗಿ ಅದನ್ನು ಮುಚ್ಚುಮರೆಯಿಲ್ಲದೆ ಅವರ ಮುಂದೆ ಇಟ್ಟು, ಅವರು ಏನು ಹೇಳುತ್ತಾರೆ ಕೇಳಿ ಅಂದೆ. ಕೇಳಿದಾಗ ಮೇಷ್ಟ್ರೇ, "ಎರಡನೇದು ನಂದು, ನೀನು ಒಂದರದ್ದು ಕೊಡಮ್ಮ" ಅಂದರು. ಆಕೆಯ ಪಾಲು ಎರಡು ಕಂತಿನಲ್ಲಿ ಕೊಡುವುದು ಅಂತ ಮಾತಾಯಿತು.

ಹಳೆ ಬೀಡಿಂಗ್ ಪಟ್ಟಿ ಬಿಚ್ಚಿ ಹೊಸ ಗಾಜು ಕೂರಿಸಿದ ಮೇಲೆ ಎರಡು ಕೆಲಸ ಮರೆಯಬೇಡಿ ಅಂದಿದ್ದೆ. ಅಂಗಡಿಯ ಬಿಲ್ಲು ಮತ್ತು ಹೊಸ ಗಾಜಿನ ಫೋಟೋ ಇಟ್ಟುಕೊಳ್ಳುವುದು. ಮೇಷ್ಟ್ರಿಗೆ ಒಂದು ಚಿಕ್ಕ ಮೆಸೇಜ್ ಹಾಕುವುದು: "ಎಡಗಡೆ ಗಾಜು ಬದಲಾಯಿಸಿದೆ ಸರ್, ನನ್ನ ಪಾಲು ಪೂರ್ತಿ ಕೊಟ್ಟಿದ್ದೀನಿ." ಮನೆ ಬಿಡುವಾಗ ಅಡ್ವಾನ್ಸ್ ಲೆಕ್ಕದಲ್ಲಿ ಇಬ್ಬರಿಗೂ ಗೊಂದಲ ಆಗಬಾರದಲ್ವಾ. ಎರಡನೇ ಕಂತು ಕೊಟ್ಟ ದಿನ ಆಕೆ ಅದನ್ನು ಕಳಿಸಿದರು. ಮೇಷ್ಟ್ರು "ಸರಿಯಮ್ಮ, ಬಂತು" ಅಂತ ಉತ್ತರ ಹಾಕಿದ್ದಾರೆ. ನಿದ್ದೆಯ ವಿಷಯಕ್ಕೆ, ಒಂಟಿಯಾಗಿರುವ ಭಯದ ವಿಷಯಕ್ಕೆ ಆಕೆ ಇನ್ನೂ ನನ್ನ ಹತ್ತಿರ ಬರುತ್ತಿದ್ದಾರೆ.