ತಾತನ ಹೋಟೆಲಿನ ಮಸಾಲೆ ದೋಸೆ: 4 ರೂಪಾಯಿ, 50 ರೂಪಾಯಿ ಒಂದೇ ಗ್ರಾಫಿನಲ್ಲಿ

ಪ್ರಶ್ನೆ: ತಾತ ನಡೆಸುತ್ತಿದ್ದ ಹೋಟೆಲಿನ ಹಳೇ ದರಪಟ್ಟಿಗಳು ಸಿಕ್ಕಿವೆ. ಮಸಾಲೆ ದೋಸೆ 1990ರಲ್ಲಿ 4 ರೂಪಾಯಿ, 2000ದಲ್ಲಿ 12, 2010ರಲ್ಲಿ 25, 2020ರಲ್ಲಿ 50. ಗೆರೆ ಎಳೆದರೆ ಕೊನೆಯಲ್ಲಿ ಏಣಿ ಇಟ್ಟ ಹಾಗೆ ಏರುತ್ತೆ. ಹಣದುಬ್ಬರಕ್ಕೆ ಸರಿಹೊಂದಿಸಬೇಕು ಅಂತಾರೆ. ಬೆಲೆ ಸೂಚ್ಯಂಕ ಇಳಿಸಿಕೊಂಡೆ, ಆದರೆ ಅದರಲ್ಲಿ 444 ಇದ್ದದ್ದು ಹತ್ತು ವರ್ಷದಲ್ಲಿ 180 ಆಗಿದೆ. ಆಗ ಬೆಲೆಗಳು ಇಳಿದಿದ್ದವಾ?

ಉತ್ತರ:

ಇಳಿದಿರಲಿಲ್ಲ. ನಡುವೆ ಅಳತೆಗೋಲು ಬದಲಾಯಿತು. ನೀವು ಇಳಿಸಿಕೊಂಡಿರುವುದು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ, ಅಂದರೆ CPI-IW ಅನ್ನಿಸುತ್ತೆ. ಸರ್ಕಾರಿ ನೌಕರರ ತುಟ್ಟಿಭತ್ಯೆ ಲೆಕ್ಕ ಹಾಕುವುದು ಇದರಿಂದಲೇ. ನಿಮ್ಮ ಕೆಲಸಕ್ಕೂ ಇದೇ ಸರಿ. ಈಗ ಟಿವಿಯಲ್ಲಿ ಹೇಳುವ ಚಿಲ್ಲರೆ ಹಣದುಬ್ಬರದ ಸೂಚ್ಯಂಕ ಶುರುವಾಗಿದ್ದೇ 2011ರಲ್ಲಿ, ಅದು 1990ರ ದೋಸೆಯ ಹತ್ತಿರಕ್ಕೂ ಬರುವುದಿಲ್ಲ. ಸಗಟು ಬೆಲೆ ಸೂಚ್ಯಂಕ ಹಳೆಯದೇನೋ ಹೌದು, ಆದರೆ ಹೋಟೆಲಿಗೆ ಬರುವ ಗಿರಾಕಿಯ ಜೇಬಿನ ಲೆಕ್ಕ ಅದರಲ್ಲಿಲ್ಲ.

ಈ ಸೂಚ್ಯಂಕ ಒಂದು ವರ್ಷವನ್ನು 100 ಅಂತ ಇಟ್ಟುಕೊಂಡು ಉಳಿದ ವರ್ಷಗಳನ್ನು ಅದಕ್ಕೆ ಹೋಲಿಸುತ್ತದೆ. ಆ ಮೂಲ ವರ್ಷವನ್ನು ಆಗಾಗ ಬದಲಿಸುತ್ತಾರೆ. ಮೊದಲು 1960 ಇತ್ತು, ಆಮೇಲೆ 1982, 2001, ಈಗ 2016. ನಿಮ್ಮ 444 ಅನ್ನುವುದು 1982ನ್ನು 100 ಅಂತ ಹಿಡಿದ ಅಂಕಿ. 180 ಅನ್ನುವುದು 2001ನ್ನು 100 ಅಂತ ಹಿಡಿದದ್ದು. ಸೇರಿನಲ್ಲಿ ಅಳೆದ ಅಕ್ಕಿ, ಕಿಲೋದಲ್ಲಿ ತೂಗಿದ ಅಕ್ಕಿ ಎರಡನ್ನೂ ಒಂದೇ ಕಾಲಂನಲ್ಲಿ ಬರೆದಂತಾಯಿತು, ಅಲ್ವಾ?

ಇವನ್ನು ಜೋಡಿಸೋಕೆ ಲಿಂಕಿಂಗ್ ಫ್ಯಾಕ್ಟರ್ ಅಂತ ಕೊಡುತ್ತಾರೆ. ಅಖಿಲ ಭಾರತ ಮಟ್ಟದಲ್ಲಿ 2001ರ ಸರಣಿಯಿಂದ 1982ರ ಸರಣಿಗೆ ಹೋಗಲು 4.63ರಿಂದ ಗುಣಿಸಬೇಕು. 2016ರ ಸರಣಿಯಿಂದ 2001ಕ್ಕೆ ಹೋಗಲು 2.88ರಿಂದ. ಇದು ನಿಜವಾಗಿ ಕೂಡಿಕೊಳ್ಳುತ್ತಾ ಅಂತ ನೋಡಬೇಕಾದರೆ ಸರಣಿ ಬದಲಾದ ತಿಂಗಳನ್ನೇ ಹಿಡಿಯಿರಿ. 2020ರ ಆಗಸ್ಟ್‌ನಲ್ಲಿ ಹಳೇ ಸರಣಿಯಲ್ಲಿ 338 ಇತ್ತು. ಸೆಪ್ಟೆಂಬರ್‌ನಿಂದ ಹೊಸ ಸರಣಿ ಬಂತು, ಅದರಲ್ಲಿ 118.1. ಇದನ್ನು 2.88ರಿಂದ ಗುಣಿಸಿದರೆ 340. ಒಂದು ತಿಂಗಳಿಗೆ ಎರಡು ಅಂಕ ಏರಿದೆ, ಸಹಜವಾಗಿದೆ.

ನಿಮ್ಮ ದೋಸೆಗೆ ಬರೋಣ. ಎಲ್ಲವನ್ನೂ 2001ರ ಸರಣಿಗೆ ತಂದುಬಿಡಿ. 1990-91ರ ಸರಾಸರಿ 1982ರ ಸರಣಿಯಲ್ಲಿ 193, ಅದನ್ನು 4.63ರಿಂದ ಭಾಗಿಸಿದರೆ 41.7. ಹಾಗೆಯೇ 2000-01ರ 444 ಆಗುವುದು 95.9. 2010-11ರ 180 ಹಾಗೇ ಇರಲಿ. 2020-21ಕ್ಕೆ ಎರಡು ಸರಣಿಗಳನ್ನೂ ಜೋಡಿಸಿದ ಸರಾಸರಿ ಸುಮಾರು 339. ಶೀಟಿನಲ್ಲಿ B ಕಾಲಂನಲ್ಲಿ ಬೆಲೆ, C ಕಾಲಂನಲ್ಲಿ ಈ ಸೂಚ್ಯಂಕ ಇಡಿ. 2020-21 ಐದನೇ ಸಾಲಿನಲ್ಲಿದ್ದರೆ ಸೂತ್ರ ಇಷ್ಟೇ:

```
=B2*C$5/C2
```

ಆ ಡಾಲರ್ ಗುರುತು ಮರೆಯಬೇಡಿ. ಇಲ್ಲದಿದ್ದರೆ ಕೆಳಕ್ಕೆ ಎಳೆದಾಗ ಸೂತ್ರ ಖಾಲಿ ಸಾಲಿಗೆ ಜಾರುತ್ತದೆ.

ಉತ್ತರ ಹೀಗೆ ಬರುತ್ತದೆ: 1990ರ 4 ರೂಪಾಯಿ ಅಂದರೆ 2020-21ರ ಸುಮಾರು 33 ರೂಪಾಯಿ. 2000ದ 12 ಅಂದರೆ 42. 2010ರ 25 ಅಂದರೆ 47. 2020ರ 50 ಅಂತೂ 50ವೇ. ಈಗ ಗೆರೆ ನೋಡಿ. ನೀವು ಮೊದಲು ಎಳೆದ ಗ್ರಾಫಿನಲ್ಲಿ ಕೊನೆಯ ಹತ್ತು ವರ್ಷವೇ ಎಲ್ಲಕ್ಕಿಂತ ಕಡಿದಾಗಿತ್ತು, 25ರಿಂದ 50ಕ್ಕೆ. ಸರಿಹೊಂದಿಸಿದ ಮೇಲೆ ಆ ಹತ್ತು ವರ್ಷ ಹೆಚ್ಚುಕಡಿಮೆ ಚಪ್ಪಟೆ. ದೋಸೆ ನಿಜವಾಗಿ ತುಟ್ಟಿಯಾಗಿದ್ದು 1990ರಿಂದ 2000ದ ಒಳಗೆ. ತಾತ ಆಗ ಏನು ಬದಲಿಸಿದರು ಅಂತ ಮನೆಯಲ್ಲಿ ಕೇಳಿ ನೋಡಿ. ದೋಸೆ ದೊಡ್ಡದಾಯಿತೋ, ಬೆಣ್ಣೆ ಶುರುವಾಯಿತೋ, ಹೋಟೆಲನ್ನೇ ಬೇರೆ ಕಡೆ ಸಾಗಿಸಿದರೋ. ಸೂಚ್ಯಂಕ ಅದನ್ನು ಹೇಳುವುದಿಲ್ಲ.

ಜೋಡಿಸದೆ ಹಾಗೇ ಲೆಕ್ಕ ಹಾಕಿದ್ದರೆ ಏನಾಗುತ್ತಿತ್ತು ಗೊತ್ತಾ? 193 ಮತ್ತು 444ನ್ನು ನೇರವಾಗಿ 339ರ ಜೊತೆ ಹೋಲಿಸಿದರೆ ನಾಲ್ಕು ಬಿಂದುಗಳು 7, 9, 47, 50 ಅಂತ ಬರುತ್ತವೆ. 2000 ಮತ್ತು 2010ರ ಮಧ್ಯೆ ದೋಸೆ ಐದು ಪಟ್ಟು ಜಿಗಿದ ಹಾಗೆ ಕಾಣುತ್ತದೆ. ನಾನೂ ಮೊದಲ ಸಲ ನಮ್ಮ ಮನೆಯ ಹಾಲಿನ ಲೆಕ್ಕದಲ್ಲಿ ಇದೇ ತಪ್ಪು ಮಾಡಿದ್ದೆ. ಆ ಜಿಗಿತಕ್ಕೆ ಕಾರಣ ಹುಡುಕುತ್ತಾ ಒಂದು ಭಾನುವಾರ ಪೂರ್ತಿ ಹಾಳು ಮಾಡಿದೆ. ಮೇವಿನ ಬೆಲೆ, ಬರಗಾಲ ಅಂತ ಒಳ್ಳೊಳ್ಳೆ ಕಥೆಗಳನ್ನೂ ಕಟ್ಟಿದ್ದೆ. ಆಮೇಲೆ ನೋಡಿದರೆ ಜಿಗಿತ ಸರಿಯಾಗಿ 2006ಕ್ಕೆ ಬಿದ್ದಿತ್ತು. 2001ರ ಸರಣಿ ಜಾರಿಗೆ ಬಂದದ್ದು ಆ ವರ್ಷದ ಜನವರಿಯಲ್ಲಿ. ಹಾಗಾಗಿ ನಿಮ್ಮ ಗೆರೆ ಎಲ್ಲಾದರೂ ದಿಢೀರ್ ಅಂತ ಜಿಗಿದರೆ ಅಥವಾ ಬಿದ್ದರೆ, ಮೊದಲು ಆ ವರ್ಷ ಸರಣಿ ಬದಲಾಗಿದೆಯಾ ನೋಡಿ.

ಇನ್ನೊಂದು ವಿಷಯ ಗೆರೆಯ ಬಗ್ಗೆಯೇ. ನಾಲ್ಕು ಬಿಂದುಗಳನ್ನು ಸುಮ್ನೆ ಗೆರೆಯಿಂದ ಸೇರಿಸಿದರೆ ನಡುವಿನ ವರ್ಷಗಳಲ್ಲೂ ಬೆಲೆ ನಿಧಾನವಾಗಿ ಏರಿತು ಅಂತ ಹೇಳಿದಂತೆ. ಹೋಟೆಲಿನಲ್ಲಿ ಹಾಗೆ ಆಗುವುದಿಲ್ಲ. ಬೋರ್ಡಿನ ಮೇಲಿನ ದರ ಎರಡು ಮೂರು ವರ್ಷ ಅಲ್ಲಾಡುವುದಿಲ್ಲ, ಆಮೇಲೆ ಒಂದೇ ಸಲ ಐದು ರೂಪಾಯಿ ಜಾಸ್ತಿ. 2010ರ 25 ರೂಪಾಯಿ ಮೂರು ವರ್ಷ ಹಾಗೇ ಇತ್ತು ಅಂತಿಟ್ಟುಕೊಳ್ಳಿ. ಸೂಚ್ಯಂಕ 180ರಿಂದ 195ಕ್ಕೆ, ಆಮೇಲೆ 215ಕ್ಕೆ ಹೋಯಿತು. 2020-21ರ ರೂಪಾಯಿಯಲ್ಲಿ ಅದೇ ದೋಸೆ 47ರಿಂದ 43ಕ್ಕೆ, ಅಲ್ಲಿಂದ 39ಕ್ಕೆ ಇಳಿಯಿತು. ಬೋರ್ಡು ಬದಲಾಗದೆಯೇ ದೋಸೆ ಅಗ್ಗವಾಯಿತು! ನಿಜವಾದ ಗೆರೆ ಗರಗಸದ ಹಲ್ಲಿನ ಹಾಗಿರುತ್ತದೆ. ದರ ಏರಿಸಿದ ವರ್ಷಗಳು ಗೊತ್ತಿದ್ದರೆ ಪ್ರತಿ ವರ್ಷಕ್ಕೂ ಒಂದು ಸಾಲು ಮಾಡಿ, ಬೆಲೆ ಬದಲಾಗದ ವರ್ಷಗಳಿಗೂ ಸೂಚ್ಯಂಕ ಹಾಕಿ. ಗೊತ್ತಿಲ್ಲದಿದ್ದರೆ ನಾಲ್ಕು ಚುಕ್ಕಿ ಇಟ್ಟು ಚುಕ್ಕಿಗೆರೆಯಲ್ಲಿ ಸೇರಿಸಿ ಸಾಕು.

ಹಾಂ, ಮರೆತಿದ್ದೆ. ದರಪಟ್ಟಿಯ ಮೇಲೆ ತಿಂಗಳು ಇದೆಯಾ ನೋಡಿ. ನಾನು ಕೊಟ್ಟ ಸರಾಸರಿಗಳೆಲ್ಲ ಏಪ್ರಿಲ್‌ನಿಂದ ಮಾರ್ಚ್‌ವರೆಗಿನವು. ಫೆಬ್ರವರಿ 1990ರ ಪಟ್ಟಿಯಾದರೆ ಅದು 1989-90ಕ್ಕೆ ಸೇರಬೇಕು. ನಿಮ್ಮ ಹೋಟೆಲು ಬೆಂಗಳೂರಿನದ್ದಾದರೆ ಬೆಂಗಳೂರು ಕೇಂದ್ರದ ಸೂಚ್ಯಂಕವೂ ಬೇರೆ ಸಿಗುತ್ತದೆ, ಆದರೆ ಅದರ ಲಿಂಕಿಂಗ್ ಫ್ಯಾಕ್ಟರ್ ಬೇರೆ. ಅದಕ್ಕೆ 4.63 ಹಾಕಿಬಿಡಬೇಡಿ.

ಗ್ರಾಫಿನ ಎಡಗಡೆ ಬರೀ "ಬೆಲೆ" ಅಂತ ಬರೆಯದೆ "2020-21ರ ರೂಪಾಯಿಯಲ್ಲಿ" ಅಂತ ಬರೆಯಿರಿ. ಚುಕ್ಕಿಗಳ ಪಕ್ಕ ಬೋರ್ಡಿನ ಹಳೇ ದರವನ್ನೂ ಚಿಕ್ಕದಾಗಿ ಹಾಕಿ. ಇಲ್ಲದಿದ್ದರೆ ಮನೆಯ ಹಿರಿಯರು ನೋಡಿ, "1990ರಲ್ಲಿ 33 ರೂಪಾಯಿ ಕೊಟ್ಟು ದೋಸೆ ತಿಂದವರು ಯಾರಪ್ಪಾ?" ಅಂತ ಜಗಳಕ್ಕೇ ಬರ್ತಾರೆ.